ಬ್ಯಾಟ್ ಬಿಟ್ಟ ಕೈ ಚೆಂಡಿಗೆ ತಾಗಿದರೆ: ಅಪರೂಪದ ಔಟ್‌ಗಳ ತೀರ್ಪು ಹೇಗೆ?

ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಕೊಡಗಿನಲ್ಲಿ ಅಲ್ಲಲ್ಲಿ ಕ್ರಿಕೆಟ್ ಆರಂಭವಾಗುತ್ತದೆ. ನಾಪೋಕ್ಲು ಕಡೆಯ ಅಂಥದ್ದೊಂದು ಗದ್ದೆಯಲ್ಲಿ ನಾನು ಅಂಪೈರ್ ಆಗಿ ನಿಂತಿದ್ದಾಗ ನಡೆದ ಪ್ರಸಂಗವಿದು. ಬ್ಯಾಟರ್ ಟೆನಿಸ್ ಚೆಂಡನ್ನು ಮೆತ್ತಗೆ ತಡೆದ. ಚೆಂಡು ಅವನ ಕಾಲ ಬುಡದಲ್ಲೇ ಬಿದ್ದು, ಭತ್ತದ ಕೂಳೆಯೊಂದಕ್ಕೆ ತಾಗಿ, ಹಿಂದಕ್ಕೆ ತಿರುಗಿ ಸ್ಟಂಪಿನತ್ತ ಉರುಳತೊಡಗಿತು. ಗಾಬರಿಗೊಂಡ ಆತ ಎಡಗೈಯನ್ನು ಬ್ಯಾಟಿನಿಂದ ಬಿಡಿಸಿಕೊಂಡು, ಬಗ್ಗಿ, ಚೆಂಡನ್ನು ಅಂಗೈಯಿಂದ ಬದಿಗೆ ತಳ್ಳಿದ. ಕೀಪರ್ ಕೂಡಲೇ ಅಪೀಲು ಮಾಡಿದ. ‘ಹಿಡಿಯಲೇ ಇಲ್ಲ ಅಣ್ಣಾ, ತಳ್ಳಿದ್ದಷ್ಟೆ’ ಎಂದು ಬ್ಯಾಟರ್ ವಾದಿಸಿದ. ನಾನು ಬೆರಳೆತ್ತಿದೆ. ಆಟ ಹತ್ತು ನಿಮಿಷ ನಿಂತಿತು.

ಆ ಹತ್ತು ನಿಮಿಷದ ಗಲಾಟೆಗೆ ಕಾರಣ ನಿಯಮದ ಕುರಿತ ಎರಡು ತಪ್ಪು ತಿಳಿವಳಿಕೆಗಳು. ಚೆಂಡನ್ನು ಕೈಯಲ್ಲಿ ಹಿಡಿದರೆ ಮಾತ್ರ ಔಟ್ ಎಂಬುದು ಮೊದಲನೆಯದು. ‘ಹ್ಯಾಂಡಲ್ಡ್ ದ ಬಾಲ್’ ಎಂಬ ಔಟನ್ನೇ ನಿಯಮ ಪುಸ್ತಕದಿಂದ ತೆಗೆದುಹಾಕಿರುವುದರಿಂದ ಈಗ ಕೈ ಬಳಸಿದರೆ ತೊಂದರೆಯಿಲ್ಲ ಎಂಬುದು ಎರಡನೆಯದು. ನಿಜ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ 2017ರಲ್ಲಿ ಜಾರಿಗೆ ತಂದ ನಿಯಮಾವಳಿಯಲ್ಲಿ ಆ ಹೆಸರಿನ ಪ್ರತ್ಯೇಕ ನಿಯಮ ಇಲ್ಲ. ಆದರೆ ತಪ್ಪು ತಪ್ಪಾಗಿಯೇ ಉಳಿದಿದೆ. ಅದನ್ನು 37ನೇ ನಿಯಮವಾದ ‘ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್’, ಅಂದರೆ ಫೀಲ್ಡಿಂಗ್‌ಗೆ ಅಡ್ಡಿಪಡಿಸುವುದು, ಎಂಬುದರೊಳಗೆ ಸೇರಿಸಲಾಗಿದೆ. ಬದಲಾದದ್ದು ಸ್ಕೋರ್ ಪುಸ್ತಕದಲ್ಲಿ ಬರೆಯುವ ಹೆಸರು ಮಾತ್ರ.

ಇಂಥ ಸಂದರ್ಭದಲ್ಲಿ ತೀರ್ಪು ಕೊಡಬೇಕಾದವರು ಮೊದಲು ನೋಡಬೇಕಾದದ್ದು ಅಪೀಲು ಆಗಿದೆಯೇ ಎಂಬುದನ್ನು. ಅಪೀಲು ಇಲ್ಲದೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ. ಆಮೇಲೆ ಚೆಂಡು ಇನ್ನೂ ಆಟದಲ್ಲಿತ್ತೇ ಎಂದು ನೆನಪಿಸಿಕೊಳ್ಳಬೇಕು. ಕೀಪರ್ ಕೈಯಲ್ಲಿ ನಿಂತು, ಎಲ್ಲರೂ ಆ ಎಸೆತ ಮುಗಿಯಿತೆಂದು ಸುಮ್ಮನಾದ ಮೇಲೆ ಬ್ಯಾಟರ್ ಚೆಂಡನ್ನು ಮುಟ್ಟಿದರೆ ಅದು ಲೆಕ್ಕಕ್ಕಿಲ್ಲ.

ಮೂರನೆಯದು ಯಾವ ಕೈ ಎಂಬ ಪ್ರಶ್ನೆ. ಬ್ಯಾಟನ್ನು ಹಿಡಿದಿರುವ ಕೈಯನ್ನು ನಿಯಮ ಬ್ಯಾಟಿನ ಭಾಗವೆಂದೇ ಪರಿಗಣಿಸುತ್ತದೆ. ಆದುದರಿಂದ ಎರಡೂ ಕೈಗಳು ಹಿಡಿಯ ಮೇಲಿರುವಾಗ ಚೆಂಡು ಗ್ಲೌಸಿಗೆ ತಾಗಿದರೆ ಈ ನಿಯಮ ಅನ್ವಯಿಸುವುದಿಲ್ಲ. ಚೆಂಡನ್ನು ಎದುರಿಸುವ ಕ್ರಿಯೆಯಲ್ಲಿ ಬ್ಯಾಟ್ ಬಿಟ್ಟ ಕೈಯಿಂದ ಬೇಕೆಂದೇ ಅದನ್ನು ಹೊಡೆದರೆ ಅಥವಾ ತಳ್ಳಿದರೆ ಬ್ಯಾಟರ್ ಔಟ್. ಹಿಡಿಯಲೇಬೇಕೆಂದಿಲ್ಲ. ಎಸೆತ ನೋಬಾಲ್ ಆಗಿದ್ದರೂ ಈ ಔಟಿನಿಂದ ರಕ್ಷಣೆಯಿಲ್ಲ.

ಕೊನೆಯದೂ ಕಷ್ಟದ್ದೂ ಆದ ಪ್ರಶ್ನೆಯೆಂದರೆ ಉದ್ದೇಶ. ಆಕಸ್ಮಿಕವಾಗಿ ತಾಗಿದರೆ ಔಟ್ ಅಲ್ಲ. ಪೆಟ್ಟು ತಪ್ಪಿಸಿಕೊಳ್ಳಲು ಕೈ ಅಡ್ಡ ಹಿಡಿದರೂ ಅಲ್ಲ. ಇದನ್ನು ಗುರುತಿಸಲು ನಾನು ಬ್ಯಾಟರನ ಕಣ್ಣನ್ನೂ ಕೈಯ ಎತ್ತರವನ್ನೂ ನೋಡುತ್ತೇನೆ. ಗದ್ದೆಯ ಹೆಂಟೆಗೆ ತಾಗಿದ ಚೆಂಡು ಮುಖದತ್ತ ಚಿಮ್ಮಿದಾಗ ತಲೆ ಪಕ್ಕಕ್ಕೆ ತಿರುಗುತ್ತದೆ, ಕಣ್ಣು ಮುಚ್ಚುತ್ತದೆ, ಅಂಗೈ ಮುಖದೆದುರು ತಾನಾಗಿ ಏಳುತ್ತದೆ. ಸ್ಟಂಪ್ ಉಳಿಸಿಕೊಳ್ಳುವವನಾದರೋ ಚೆಂಡನ್ನೇ ದಿಟ್ಟಿಸುತ್ತಿರುತ್ತಾನೆ, ಕೈ ಕೆಳಕ್ಕೆ ಚೆಂಡನ್ನು ಹುಡುಕಿಕೊಂಡು ಹೋಗುತ್ತದೆ. ನಾಪೋಕ್ಲುವಿನ ಆ ಬ್ಯಾಟರ್ ಬಗ್ಗಿದ್ದ, ನೋಟ ಚೆಂಡಿನ ಮೇಲಿತ್ತು, ಚೆಂಡು ನೆಲದ ಮೇಲೆ ಉರುಳುತ್ತಿತ್ತು. ಪೆಟ್ಟಾಗುವ ಭಯಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ.

ಹಾಗಾದರೆ ಅವನು ಏನು ಮಾಡಬಹುದಿತ್ತು? ಸ್ಟಂಪಿನತ್ತ ಉರುಳುವ ಚೆಂಡನ್ನು ಬ್ಯಾಟಿನಿಂದ ಮತ್ತೊಮ್ಮೆ ತಡೆಯಬಹುದು, ಕಾಲಿನಿಂದ ಒದ್ದು ಸರಿಸಲೂಬಹುದು. ಫೀಲ್ಡರ್ ಇನ್ನೂ ಚೆಂಡನ್ನು ಮುಟ್ಟಿರಬಾರದು, ವಿಕೆಟ್ ಕಾಯುವುದಷ್ಟೇ ಉದ್ದೇಶವಾಗಿರಬೇಕು. ಬ್ಯಾಟಿಗೆ ತಾಗಿದ ಚೆಂಡು ಇನ್ನೂ ಗಾಳಿಯಲ್ಲಿದ್ದು ಕೀಪರ್ ಕ್ಯಾಚಿಗೆ ಬರುತ್ತಿದ್ದರೆ ಮಾತ್ರ ವಿಕೆಟ್ ಉಳಿಸುವ ನೆಪದಲ್ಲಿ ಆ ಕ್ಯಾಚನ್ನು ತಪ್ಪಿಸುವಂತಿಲ್ಲ. ಆಟ ಶುರುವಾಗುವ ಮುನ್ನ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಚೆಂಡು ಹಿಂದೆ ಉರುಳಿದರೆ ಎರಡೂ ಕೈ ಬ್ಯಾಟಿನ ಮೇಲೇ ಇರಲಿ, ಕೆಲಸವನ್ನು ಕಾಲು ಮಾಡಲಿ.

ಕೈ ಹೀಗೆ ಮುಂದಾಗುವುದು ಎಳೆಯರಿಗೆ ಮಾತ್ರ ಆಗುವ ತಪ್ಪಲ್ಲ. 2001ರ ಡಿಸೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ವಿರುದ್ಧದ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಮೈಕೆಲ್ ವಾನ್ 64 ರನ್ ಗಳಿಸಿ ಚೆನ್ನಾಗಿ ಆಡುತ್ತಿದ್ದಾಗ, ಸರಣ್‌ದೀಪ್ ಸಿಂಗ್ ಅವರ ಎಸೆತವನ್ನು ಸ್ವೀಪ್ ಮಾಡಲು ಹೋಗಿ ವಿಫಲರಾದರು. ತನ್ನ ಬಳಿಯೇ ಉಳಿದ ಚೆಂಡನ್ನು ಕೈಯಿಂದ ಸರಿಸಿದರು. ಅದು ಸ್ಟಂಪಿನತ್ತ ಹೋಗುತ್ತಿರಲೂ ಇಲ್ಲ. ಆದರೂ ಅಪೀಲಾಯಿತು, ‘ಹ್ಯಾಂಡಲ್ಡ್ ದ ಬಾಲ್’ ಎಂದು ಔಟಾಯಿತು. 2023ರ ಡಿಸೆಂಬರಿನಲ್ಲಿ ಮೀರ್‌ಪುರ ಟೆಸ್ಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬಾಂಗ್ಲಾದೇಶದ ಮುಷ್ಫಿಕುರ್ ರಹೀಮ್ ಚೆಂಡನ್ನು ತಡೆದು ಆಡಿದ ಮೇಲೆ ಕೈಯಿಂದ ಬದಿಗೆ ತಳ್ಳಿದರು. ತಪ್ಪು ಒಂದೇ ಆದರೂ ಮುಷ್ಫಿಕುರ್ ಹೆಸರಿನ ಮುಂದೆ ಬರೆದದ್ದು ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್ ಎಂದು. ವಾನ್ ಪ್ರಕರಣದಿಂದ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಚೆಂಡು ವಿಕೆಟಿಗೆ ಬಡಿಯುತ್ತಿತ್ತೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ನಮ್ಮ ಊರಿನ ಆಟಗಳಲ್ಲಿ ಇದಕ್ಕಿಂತಲೂ ಹೆಚ್ಚಾಗಿ ಕಾಣುವುದು ಸೌಜನ್ಯದಿಂದಾಗುವ ತಪ್ಪು. ಕಾಲ ಬಳಿ ನಿಂತ ಚೆಂಡನ್ನು ಬ್ಯಾಟರ್ ಎತ್ತಿ ಕೀಪರಿಗೋ ಬೌಲರಿಗೋ ಕೊಡುತ್ತಾನೆ. ಚೆಂಡು ಆಟದಲ್ಲಿರುವಾಗ ಫೀಲ್ಡರನ ಒಪ್ಪಿಗೆಯಿಲ್ಲದೆ ಬ್ಯಾಟಿನಿಂದಾಗಲಿ ಕೈಯಿಂದಾಗಲಿ ಹೀಗೆ ಹಿಂತಿರುಗಿಸಿದರೆ, ಅಪೀಲು ಬಂದಾಗ ಅದೂ ಔಟ್. ‘ತೆಗೆದುಕೊಡಲೇ?’ ಎಂದು ಕೇಳಿ, ‘ಹೂಂ’ ಎಂಬ ಉತ್ತರ ಬಂದ ಮೇಲೆ ಮುಟ್ಟಿದರೆ ಜಗಳಕ್ಕೆ ದಾರಿಯೇ ಇರುವುದಿಲ್ಲ. ನೆಂಟರೇ ಎದುರು ತಂಡದಲ್ಲಿದ್ದರೂ ಕೇಳುವುದು ಒಳ್ಳೆಯದು.

ಹಿಟ್ ವಿಕೆಟ್ ಬಗ್ಗೆ ಗೊಂದಲ ಕಡಿಮೆ. ಚೆಂಡನ್ನು ಆಡುವಾಗ ಅಥವಾ ಆಡಿದ ಕೂಡಲೇ ಮೊದಲ ರನ್ನಿಗೆ ಹೊರಡುವಾಗ ಬ್ಯಾಟರನ ಬ್ಯಾಟ್, ದೇಹ ಅಥವಾ ಮೈಮೇಲಿಂದ ಕಳಚಿ ಬಿದ್ದ ಟೋಪಿ ತಾಗಿ ಬೇಲ್ಸ್ ಉರುಳಿದರೆ ಔಟ್. ರನೌಟ್ ತಪ್ಪಿಸಿಕೊಳ್ಳಲು ಓಡಿ ಬಂದು ಸ್ಟಂಪಿಗೆ ಬಿದ್ದರೆ ಅದು ಹಿಟ್ ವಿಕೆಟ್ ಅಲ್ಲ; ನೋಬಾಲಿಗೂ ಈ ಔಟ್ ಇಲ್ಲ.

ಹೊಸ ಬ್ಯಾಟರ್ ಬರಲು ತಡಮಾಡಿದ್ದಕ್ಕೆ ಕೊಡುವ ಟೈಮ್ಡ್ ಔಟ್ ನಮ್ಮಲ್ಲಿ ಗ್ಲೌಸಿನ ಸಮಸ್ಯೆ. ಇಡೀ ತಂಡಕ್ಕೆ ಎರಡೇ ಜೊತೆ ಗ್ಲೌಸ್ ಇದ್ದಾಗ, ಔಟಾದವನು ಕಾಫಿ ತೋಟದ ಅಂಚಿನವರೆಗೆ ನಡೆದು ಬಂದು ಬಿಚ್ಚಿಕೊಡುವ ತನಕ ಮುಂದಿನವನು ಕಾಯುತ್ತಾನೆ. ಎಂಸಿಸಿ ನಿಯಮದಲ್ಲಿ ವಿಕೆಟ್ ಬಿದ್ದ 3 ನಿಮಿಷದೊಳಗೆ ಹೊಸ ಬ್ಯಾಟರ್, ಅಥವಾ ಅವನ ಜೊತೆಗಾರ, ಮುಂದಿನ ಚೆಂಡನ್ನು ಎದುರಿಸಲು ಸಿದ್ಧನಿರಬೇಕು. ಮೈದಾನಕ್ಕೆ ಕಾಲಿಟ್ಟರೆ ಸಾಲದು. 2023ರ ವಿಶ್ವಕಪ್‌ನಲ್ಲಿ ಆ ಅವಧಿ 2 ನಿಮಿಷವಿತ್ತು. ದೆಹಲಿಯಲ್ಲಿ ಬಾಂಗ್ಲಾದೇಶದ ವಿರುದ್ಧ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಕ್ರೀಸಿಗೆ ಬಂದ ಮೇಲೆ ಹೆಲ್ಮೆಟ್ ಪಟ್ಟಿ ಕಿತ್ತುಹೋಯಿತು, ಬೇರೆ ಹೆಲ್ಮೆಟ್ ತರಿಸಲು ಹೊರಟಾಗ ಅಪೀಲಾಗಿ ಅವರು ಔಟಾದರು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಇದೇ ಮೊದಲು. ಗ್ಲೌಸ್ ಹಂಚಿಕೊಳ್ಳುವ ತಂಡಗಳು ಔಟಾದವನು ಪಿಚ್ಚಿನ ಬಳಿಯೇ ನಿಂತು ಬಿಚ್ಚಿಕೊಡಬೇಕೆಂದು ಟಾಸ್ ಹೊತ್ತಿಗೇ ಒಪ್ಪಂದ ಮಾಡಿಕೊಳ್ಳಬೇಕು.

ಸ್ಕೋರ್ ಬರೆಯುವವರು ಒಂದು ವ್ಯತ್ಯಾಸ ಗಮನಿಸಬೇಕು. ಹಿಟ್ ವಿಕೆಟ್ ಆದರೆ ವಿಕೆಟ್ ಬೌಲರನ ಖಾತೆಗೆ ಸೇರುತ್ತದೆ. ಟೈಮ್ಡ್ ಔಟ್ ಮತ್ತು ಫೀಲ್ಡಿಂಗ್‌ಗೆ ಅಡ್ಡಿಪಡಿಸಿದ ಔಟ್ ತಂಡದ ಲೆಕ್ಕದಲ್ಲಿ ಮಾತ್ರ ಬರುತ್ತವೆ. ನಾಪೋಕ್ಲುವಿನ ಗದ್ದೆಯಲ್ಲಿ ಆ ದಿನ ಸ್ಕೋರರ್ ಬೌಲರನ ಹೆಸರು ಬರೆದಿದ್ದ. ಗಲಾಟೆ ತಣಿದ ಮೇಲೆ ಅದನ್ನು ಹೊಡೆದುಹಾಕಿಸಿದೆವು.