2^x = x^2: ಗ್ರಾಫ್ ಹಾಳೆಯಿಂದ ತಪ್ಪಿಸಿಕೊಂಡ ಉತ್ತರ

ಪಿಯುಸಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಒಂದು ಸಂಜೆ ಹುಡುಗಿಯೊಬ್ಬಳು ಕೇಳಿದಳು: "ಸರ್, 2^x = x^2 ಗೆ ಎಷ್ಟು ಉತ್ತರ?"

"ಎರಡು. 2 ಮತ್ತು 4," ಎಂದೆ, ತಲೆ ಎತ್ತದೆ.

"ನನಗೂ ಎರಡೇ ಬಂತು ಸರ್. ಆದ್ರೆ ಒಂದು ಸೊನ್ನೆಯ ಎಡಕ್ಕಿದೆ."

ಅವಳ ಗ್ರಾಫ್ ಹಾಳೆ ನೋಡಿದೆ. x ಅನ್ನು -3 ರಿಂದ 3 ರವರೆಗೆ, y ಅನ್ನು 10 ರವರೆಗೆ ತೆಗೆದುಕೊಂಡಿದ್ದಳು. x = 4 ಆದಾಗ ಎರಡೂ ಗೆರೆಗಳು ಸೇರುವುದು 16 ರ ಎತ್ತರದಲ್ಲಿ. ಅದು ಹಾಳೆಯ ಹೊರಗೆ ಹೋಗಿತ್ತು. ನಾನೋ, ಎಡಗಡೆ ನೋಡಿಯೇ ಇರಲಿಲ್ಲ!

ಸರಿ, ಮೊದಲಿಂದ ಶುರು ಮಾಡಿದೆವು. f(x) = 2^x - x^2 ಎಂದು ಬರೆದು ಚಿಹ್ನೆ ನೋಡುತ್ತಾ ಹೋದೆವು. f(-1) = -0.5, f(0) = 1. ಮೈನಸ್ ಇದ್ದದ್ದು ಪ್ಲಸ್ ಆಯಿತು, ಗೆರೆ ಎಲ್ಲೂ ತುಂಡಾಗಿಲ್ಲ. ಹಾಗಾಗಿ ನಡುವೆ ಎಲ್ಲೋ ಸೊನ್ನೆ ಇರಲೇಬೇಕು. -0.77 ಹಾಕಿದರೆ ಸುಮಾರು -0.006, -0.76 ಹಾಕಿದರೆ ಸುಮಾರು 0.013. ಇನ್ನೂ ಸ್ವಲ್ಪ ಹತ್ತಿರ ಹೋದರೆ ಉತ್ತರ ಸುಮಾರು -0.767.

ಬಲಗಡೆ f(1) = 1, f(3) = -1, f(5) = 7. ಇಲ್ಲಿ ಅವಳು ಮೊದಲು 1 ಮತ್ತು 5 ಮಾತ್ರ ಹಾಕಿ ನೋಡಿದ್ದಳು. ಎರಡೂ ಪ್ಲಸ್, ಹಾಗಾದರೆ ನಡುವೆ ಏನೂ ಇಲ್ಲ ಅಂದುಕೊಂಡಳು. ಆದರೆ ಗೆರೆ ಕೆಳಗಿಳಿದು ಮತ್ತೆ ಮೇಲೆ ಬಂದಿರಬಹುದು ಅಲ್ವಾ? ಚಿಹ್ನೆ ಬದಲಾದರೆ ಉತ್ತರ ಇದೆ ಎನ್ನಬಹುದು. ಬದಲಾಗದಿದ್ದರೆ ಇಲ್ಲ ಎನ್ನಲು ಬರುವುದಿಲ್ಲ.

"ಹಾಗಾದ್ರೆ ನಾಲ್ಕನೆಯದೂ ಎಲ್ಲೋ ಇರಬಹುದಲ್ವಾ ಸರ್?" ಎಂದಳು. ಒಳ್ಳೆಯ ಅನುಮಾನವೇ.

ಎಡಗಡೆಯದು ಸುಲಭ. ಸೊನ್ನೆಯ ಕಡೆಗೆ ಬರುತ್ತಾ 2^x ಏರುತ್ತಲೇ ಇರುತ್ತದೆ, x^2 ಇಳಿಯುತ್ತಲೇ ಇರುತ್ತದೆ. ಒಂದು ಏರುತ್ತಾ ಇನ್ನೊಂದು ಇಳಿಯುತ್ತಾ ಇದ್ದರೆ ಒಮ್ಮೆ ದಾಟಿದ ಮೇಲೆ ಮತ್ತೆ ಸೇರುವುದಿಲ್ಲ. ಬಲಗಡೆಗೆ ಎರಡೂ ಬದಿಯ ಲಾಗ್ ತೆಗೆದುಕೊಂಡರೆ (log x)/x = (log 2)/2 ಎಂದಾಗುತ್ತದೆ. (log x)/x ನ ಗೆರೆ ಸುಮಾರು 2.718 ರವರೆಗೆ, ಅಂದರೆ e ವರೆಗೆ ಏರಿ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಒಂದೇ ಗುಡ್ಡ. ಅದನ್ನು ಅಡ್ಡ ಗೆರೆ ಹೆಚ್ಚೆಂದರೆ ಎರಡು ಕಡೆ ಕತ್ತರಿಸುತ್ತದೆ: ಏರುವ ಕಡೆ 2, ಇಳಿಯುವ ಕಡೆ 4. x ಸೊನ್ನೆ ಆದರೆ 1 = 0, ಅದು ಆಗದ ಮಾತು. ಒಟ್ಟು ಮೂರೇ.

ಅಂದಹಾಗೆ, ಲಾಗ್‌ನಲ್ಲೇ ಎಷ್ಟೋ ಜನ ಎಡಗಡೆಯ ಉತ್ತರ ಕಳೆದುಕೊಳ್ಳುತ್ತಾರೆ. x^2 ನ ಲಾಗ್ ಎಂದರೆ 2 log|x|. ಆ ಎರಡು ಕಡ್ಡಿ ಬಿಟ್ಟು 2 log x ಎಂದು ಬರೆದ ಕೂಡಲೇ ಮೈನಸ್ ಸಂಖ್ಯೆಗಳೆಲ್ಲ ಹೊರಗೆ.

ಮರುದಿನ ಅವಳೇ 3^x = x^3 ತಂದಳು. ಎಡಗಡೆ ಒಂದು ಬದಿ ಪ್ಲಸ್, ಇನ್ನೊಂದು ಮೈನಸ್, ನೋಡುವ ಗೋಜೇ ಇಲ್ಲ. ಬಲಗಡೆ 3 ಕಣ್ಣಿಗೆ ಬೀಳುತ್ತದೆ. ಅದು e ಯ ಆಚೆ ಇದೆ ಎಂದು ಈಚೆ ಹುಡುಕಿ, 2 ಮತ್ತು 2.5 ರ ನಡುವೆ ಚಿಹ್ನೆ ಬದಲಾಗುವುದನ್ನು ಆಗಲೇ ಹಿಡಿದಿದ್ದಳು.