‘ಬರಲ್ಲವಂತೆ’ ಮತ್ತು ‘ಬರಲಿಕ್ಕಿಲ್ಲ’: ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ಮೂರು ವಾಕ್ಯ ನೋಡಿ.

ನಾಳೆ ನೀರು ಬರಲ್ಲ.
ನಾಳೆ ನೀರು ಬರಲ್ಲವಂತೆ.
ನಾಳೆ ನೀರು ಬರಲಿಕ್ಕಿಲ್ಲ.

ಮೊದಲನೆಯದು ನೇರ ಮಾತು. ಉಳಿದೆರಡರಲ್ಲಿ ಮಾತು ಸ್ವಲ್ಪ ಮೆತ್ತಗಾಗಿದೆ. ಹಾಗಾಗಿ ಎರಡೂ ಒಂದೇ ಜಾತಿಯವು, ಎರಡರಲ್ಲೂ ಅನುಮಾನ ಇದೆ ಎಂದು ಅನ್ನಿಸುತ್ತದೆ. ಆದರೆ ವ್ಯಾಕರಣ ಇವನ್ನು ಬೇರೆ ಬೇರೆ ಮನೆಯಲ್ಲಿ ಕೂರಿಸುತ್ತದೆ. ‘ಬರಲ್ಲವಂತೆ’ ಹೇಳುವುದು ಸುದ್ದಿ ಎಲ್ಲಿಂದ ಬಂತು ಎಂಬುದನ್ನು: ನಾನು ಕಂಡದ್ದಲ್ಲ, ಕೇಳಿದ್ದು. ‘ಬರಲಿಕ್ಕಿಲ್ಲ’ ಹೇಳುವುದು ನನಗೆ ಎಷ್ಟು ಖಚಿತ ಎಂಬುದನ್ನು: ಬರದೇ ಇರುವ ಸಾಧ್ಯತೆಯೇ ಜಾಸ್ತಿ. ಭಾಷಾವಿಜ್ಞಾನದಲ್ಲಿ ಮೊದಲನೆಯದು ಎವಿಡೆನ್ಶಿಯಾಲಿಟಿ, ಎರಡನೆಯದು ಎಪಿಸ್ಟೆಮಿಕ್ ಮೊಡಾಲಿಟಿ. ಇಲ್ಲಿ ಅವನ್ನು ಮೂಲಸೂಚಕ ಮತ್ತು ಖಚಿತಸೂಚಕ ಎಂದು ಕರೆಯೋಣ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ‘ಪಕ್ಕದ ಮನೆಯವರು ಹೇಳಿದರು’, ‘ನಾನೇ ಕಣ್ಣಾರೆ ನೋಡಿದೆ’ ಎಂದರೂ ಸುದ್ದಿಯ ಮೂಲ ಗೊತ್ತಾಗುತ್ತದೆ. ಆದರೆ ಅವು ಪೂರ್ತಿ ವಾಕ್ಯಗಳು, ವ್ಯಾಕರಣದ ಗುರುತುಗಳಲ್ಲ. ನಾವು ಹುಡುಕುತ್ತಿರುವುದು ಮಾತಿನ ಬಾಲಕ್ಕೆ ಅಂಟಿ ಬರುವ ಚಿಕ್ಕ ತುಣುಕನ್ನು. ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಉದಾಹರಣೆ ‘ಅಂತೆ’.

ಹೆಜ್ಜೆ 1: ಸರಿಯಾದ ‘ಅಂತೆ’ಯನ್ನು ಹಿಡಿಯಿರಿ

ಕನ್ನಡದಲ್ಲಿ ‘ಅಂತೆ’ ಒಂದಲ್ಲ. ‘ಅಮ್ಮ ಹೇಳಿದಂತೆ ಮಾಡು’ ಎಂಬಲ್ಲಿ ಇರುವುದು ‘ಹಾಗೆ’ ಎಂಬ ಅರ್ಥದ ಅಂತೆ. ‘ಅಮ್ಮ ಹೇಳಿದಳಂತೆ’ ಎಂಬಲ್ಲಿ ಇರುವುದು ಸುದ್ದಿಯ ಅಂತೆ. ಗುರುತಿಸುವ ಉಪಾಯ ಸುಲಭ. ಅಂತೆಯನ್ನು ಕಿತ್ತು ಉಳಿದದ್ದನ್ನು ನೋಡಿ. ‘ಅಮ್ಮ ಹೇಳಿದಳು’ ಎಂದು ಪೂರ್ತಿ ವಾಕ್ಯ ಉಳಿದರೆ ಅದು ಸುದ್ದಿಯದು. ‘ಅಮ್ಮ ಹೇಳಿದ’ ಎಂದು ಅರ್ಧಕ್ಕೆ ನಿಂತರೆ ಹೋಲಿಕೆಯದು.

ಕ್ರಿಯಾಪದ ಇಲ್ಲದ ಕಡೆ ಮಾತ್ರ ಈ ಉಪಾಯ ಕೈಕೊಡುತ್ತದೆ. ‘ಹುಲಿಯಂತೆ’ ಎಂದರೆ ಹುಲಿಯ ಹಾಗೆ ಎಂದೂ ಆಗಬಹುದು, ತೋಟಕ್ಕೆ ಬಂದದ್ದು ಹುಲಿ ಎಂದು ಯಾರೋ ಹೇಳಿದರು ಎಂದೂ ಆಗಬಹುದು. ಆಗ ಸಂದರ್ಭವೇ ಗತಿ.

ಇನ್ನೊಂದು ಅಂತೆ ಇದೆ, ಬಲು ಮಜಾ ಇದೆ ಅದು. ಮನೆಗೆ ಬಂದವರು ಎದ್ದು ನಿಂತಾಗ ‘ಇರಿ, ಊಟ ಮಾಡಿಕೊಂಡು ಹೋಗುವಿರಂತೆ’ ಎನ್ನುತ್ತೇವೆ. ಅಂತೆ ಕಿತ್ತರೆ ಪೂರ್ತಿ ವಾಕ್ಯವೇ ಉಳಿಯುತ್ತದೆ, ಆದರೆ ಇಲ್ಲಿ ಯಾರೂ ಯಾರಿಂದಲೂ ಏನೂ ಕೇಳಿಲ್ಲ. ಇದು ಒತ್ತಾಯ, ಉಪಚಾರ. ಎದುರಿಗಿರುವವರಿಗೆ ಮುಂದಿನ ಕೆಲಸದ ಬಗ್ಗೆ ಹೇಳುವಾಗ ಬರುವ ಈ ಅಂತೆಯನ್ನು ಲೆಕ್ಕದಿಂದ ತೆಗೆದುಬಿಡಿ.

ಹೆಜ್ಜೆ 2: ಹೇಳಿದ್ದನ್ನು ನೀವೇ ಅಲ್ಲಗಳೆದು ನೋಡಿ

ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಇದು. ವಾಕ್ಯದ ಬೆನ್ನಿಗೇ ‘ಆದರೆ ಅದು ಸುಳ್ಳು’ ಎಂದು ಸೇರಿಸಿ.

‘ನಿನ್ನೆ ಅವನು ನಮ್ಮ ಮನೆಗೆ ಬಂದಿದ್ದನಂತೆ. ಆದರೆ ಅದು ಸುಳ್ಳು, ನಾನು ಇಡೀ ದಿನ ಮನೆಯಲ್ಲೇ ಇದ್ದೆ.’ ಸಲೀಸಾಗಿ ಹೋಯಿತು, ಅಲ್ವಾ? ಈಗ ಖಚಿತಸೂಚಕ ಹಾಕಿ: ‘ನಿನ್ನೆ ಅವನು ನಮ್ಮ ಮನೆಗೆ ಬಂದಿರಬಹುದು. ಆದರೆ ಅದು ಸುಳ್ಳು, ಅವನು ಬಂದಿಲ್ಲ.’ ಇದು ನಿಲ್ಲುವುದಿಲ್ಲ. ಕೇಳಿದವರು ‘ಮತ್ತೆ ಬಂದಿರಬಹುದು ಅಂದ್ಯಲ್ಲ?’ ಎಂದು ಕೇಳಿಯೇ ಕೇಳುತ್ತಾರೆ.

ಕಾರಣ ಇಷ್ಟೆ. ‘ಬಹುದು’ ಎಂದವನು ತಾನೇ ಒಂದು ಬಾಗಿಲು ತೆರೆದಿಟ್ಟಿರುತ್ತಾನೆ. ಸಾಧ್ಯತೆ ಇದೆ ಎಂದದ್ದು ಅವನೇ. ಹಾಗಾಗಿ ಮರುಕ್ಷಣ ಸಾಧ್ಯತೆಯೇ ಇಲ್ಲ ಎನ್ನುವ ಹಾಗಿಲ್ಲ. ‘ಅಂತೆ’ ಎಂದವನು ಸುದ್ದಿ ತಂದು ಮುಂದಿಟ್ಟಿದ್ದಾನೆ, ಅಷ್ಟೆ. ನಂಬಿದ್ದೇನೆ ಎಂದೂ ಹೇಳಿಲ್ಲ, ನಂಬಿಲ್ಲ ಎಂದೂ ಹೇಳಿಲ್ಲ.

‘ನಾನೇ ದುಡ್ಡು ಕದ್ದೆನಂತೆ!’ ಎಂದು ಒಬ್ಬ ಕೂಗಾಡುತ್ತಾನೆ ಎನ್ನಿ. ತಾನು ಕದ್ದಿಲ್ಲ ಎಂಬುದು ಅವನಿಗೆ ನೂರಕ್ಕೆ ನೂರು ಗೊತ್ತು. ಆದರೂ ವಾಕ್ಯ ಸರಿಯಾಗಿಯೇ ಇದೆ. ಇದೇ ಜಾಗದಲ್ಲಿ ‘ನಾನೇ ದುಡ್ಡು ಕದ್ದಿರಬಹುದು’ ಎಂದರೆ ಅರ್ಧ ತಪ್ಪೊಪ್ಪಿಗೆ ಆಗಿಬಿಡುತ್ತದೆ. ಇನ್ನೊಂದು ತುದಿಯಲ್ಲಿ, ‘ನಾನು ಹುಟ್ಟಿದ್ದು ಅಮಾವಾಸ್ಯೆ ದಿನವಂತೆ’ ಎನ್ನುವವನಿಗೆ ಅನುಮಾನ ಒಂದು ಚೂರೂ ಇಲ್ಲ. ಹೇಳಿದ್ದು ಹೆತ್ತ ತಾಯಿ. ತಾನು ಹುಟ್ಟಿದ ದಿನವನ್ನು ಯಾರಾದರೂ ಕೇಳಿಯೇ ತಿಳಿಯಬೇಕು ತಾನೆ? ಒಂದು ಕಡೆ ಪೂರ್ತಿ ಅಪನಂಬಿಕೆ, ಇನ್ನೊಂದು ಕಡೆ ಪೂರ್ತಿ ನಂಬಿಕೆ. ಎರಡಕ್ಕೂ ಅದೇ ಅಂತೆ.

ಇದು ಕನ್ನಡಕ್ಕಷ್ಟೇ ಸೇರಿದ ಗುಣವಲ್ಲ. ಪೆರು ದೇಶದ ಕುಸ್ಕೊ ಸುತ್ತಮುತ್ತ ಆಡುವ ಕೆಚುವಾ ಭಾಷೆಯಲ್ಲಿ ಕೇಳಿದ ಸುದ್ದಿಗೆ ‘ಸಿ’ ಎಂಬ ಪ್ರತ್ಯಯ ಇದೆ. ಅದು ಸ್ವರದ ನಂತರ ಬರೀ ‘ಸ್’ ಆಗುತ್ತದೆ. ಮಾರ್ಟಿನಾ ಫಾಲರ್ ಎಂಬ ಭಾಷಾವಿಜ್ಞಾನಿ 2002ರಲ್ಲಿ ಮುಗಿಸಿದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇದನ್ನು ಬಿಡಿಸಿ ನೋಡಿದ್ದಾರೆ. ಅವರು ಕೊಡುವ ಒಂದು ಉದಾಹರಣೆಯ ಸಾರ ಹೀಗಿದೆ: ‘ಅವರು ನನಗೆ ರಾಶಿ ದುಡ್ಡು ಬಿಟ್ಟುಹೋದರಂತೆ, ಆದರೆ ಒಂದು ಸೋಲ್ ಕೂಡ ಬಿಟ್ಟಿಲ್ಲ.’ ಸೋಲ್ ಎಂದರೆ ಪೆರುವಿನ ನಾಣ್ಯ. ಕದ್ದವನಲ್ಲದ ನಮ್ಮ ‘ಕದ್ದೆನಂತೆ’ಗೆ ಇದು ಅಣ್ಣನೋ ತಮ್ಮನೋ ಆಗಬೇಕು.

ಈ ಪರೀಕ್ಷೆ ಮಾಡುವಾಗ ‘ಬರಬಹುದು’ ಎಂಬ ರೂಪ ಬೇಡ. ಅದಕ್ಕೆ ಅಪ್ಪಣೆಯ ಅರ್ಥವೂ ಇದೆ (‘ನೀವು ಒಳಗೆ ಬರಬಹುದು’). ಅದರಿಂದ ಫಲಿತಾಂಶ ಕಲಸಿಹೋಗುತ್ತದೆ. ‘ಬಂದಿರಬಹುದು’ ಎಂದು ಮುಗಿದ ಕೆಲಸದ ಬಗ್ಗೆ ಹೇಳಿದರೆ ಊಹೆಯ ಅರ್ಥ ಮಾತ್ರ ಉಳಿಯುತ್ತದೆ.

ಹೆಜ್ಜೆ 3: ಎದುರಿನವರು ಏನು ಕೇಳುತ್ತಾರೆ, ಗಮನಿಸಿ

‘ನಾಳೆ ನೀರು ಬರಲ್ಲವಂತೆ’ ಎಂದರೆ ತಿರುಗಿ ಬರುವ ಪ್ರಶ್ನೆ ‘ಯಾರು ಹೇಳಿದ್ದು?’ ‘ನಾಳೆ ನೀರು ಬರಲಿಕ್ಕಿಲ್ಲ’ ಎಂದರೆ ‘ಯಾಕೆ ಹಾಗನ್ನಿಸ್ತು?’ ಮೊದಲನೆಯವರು ಮೂಲ ಕೇಳುತ್ತಿದ್ದಾರೆ, ಎರಡನೆಯವರು ಕಾರಣ ಕೇಳುತ್ತಿದ್ದಾರೆ. ಅದಲು ಬದಲು ಮಾಡಿ ನೋಡಿ, ಮಾತು ಎಡವುತ್ತದೆ.

ಹೆಜ್ಜೆ 4: ‘ಇಲ್ಲ’ ಎಲ್ಲಿ ಕೂರುತ್ತದೆ, ಯಾರ ಮೇಲೆ ಯಾರು ಕೂರುತ್ತಾರೆ

‘ಬರಲ್ಲವಂತೆ’ಯಲ್ಲಿ ‘ಇಲ್ಲ’ ಇರುವುದು ಬರುವುದಕ್ಕೆ. ನೀರು ಬರುವುದಿಲ್ಲ ಎಂದು ಕೇಳಿದೆ ಎಂದು ಅರ್ಥ. ನೀರು ಬರುತ್ತದೆ ಎಂದು ನಾನು ಕೇಳಿಲ್ಲ ಎಂಬ ಅರ್ಥ ಅದರಿಂದ ಯಾವತ್ತೂ ಬರುವುದಿಲ್ಲ. ಅಂತೆಗೆ ‘ಇಲ್ಲ’ ತಾಗುವುದೇ ಇಲ್ಲ. ಅದಕ್ಕೆ ಕಾಲವೂ ಇಲ್ಲ, ಲಿಂಗ ವಚನವೂ ಇಲ್ಲ. ವಾಕ್ಯದ ಕೊನೆಯಲ್ಲಿ ಸುಮ್ನೆ ಕೂತಿರುತ್ತದೆ. ಖಚಿತಸೂಚಕದ ಕಥೆ ಬೇರೆ. ‘ಬರಬಹುದು’ ಇಲ್ಲ ಎಂದಾದಾಗ ತನ್ನ ರೂಪವನ್ನೇ ಬದಲಿಸಿ ‘ಬರಲಿಕ್ಕಿಲ್ಲ’ ಆಗುತ್ತದೆ.

ಈಗ ಎರಡನ್ನೂ ಒಟ್ಟಿಗೆ ಹಾಕಿ: ‘ನಾಳೆ ನೀರು ಬರಲಿಕ್ಕಿಲ್ಲವಂತೆ.’ ಇಲ್ಲಿ ಅನುಮಾನ ಯಾರದು? ಹೇಳುತ್ತಿರುವ ನನ್ನದಲ್ಲ, ನೀರು ಬಿಡುವವನದು. ಅವನ ಊಹೆಯನ್ನು ನಾನು ದಾಟಿಸುತ್ತಿದ್ದೇನೆ. ಎರಡೂ ಒಂದೇ ವಸ್ತುವಾಗಿದ್ದರೆ ಹೀಗೆ ಒಂದರ ಮೇಲೊಂದು ಬಂದು ಬೇರೆ ಬೇರೆ ಕೆಲಸ ಮಾಡುತ್ತಿರಲಿಲ್ಲ. ಕ್ರಮವೂ ಕಟ್ಟುನಿಟ್ಟು. ಊಹೆ ಒಳಗೆ, ಸುದ್ದಿ ಹೊರಗೆ. ಕೇಳಿದ ಸುದ್ದಿಯ ಮೇಲೆ ನನ್ನ ಊಹೆ ಕಟ್ಟಬೇಕಾದರೆ ಅಂತೆ ಸಾಲುವುದಿಲ್ಲ. ‘ನೀರು ಬರಲ್ಲ ಅಂತ ಅವನು ಹೇಳಿರಬಹುದು’ ಎಂದು ‘ಹೇಳು’ ಎಂಬ ಕ್ರಿಯಾಪದವನ್ನೇ ತರಬೇಕು.

ಪ್ರಶ್ನೆ ಮಾಡಿದಾಗಲೂ ಅಂತೆ ತನ್ನ ಗುಣ ತೋರಿಸುತ್ತದೆ. ‘ಯಾವಾಗ ಬರ್ತಾರಂತೆ?’ ಎಂದು ಕೇಳಿದರೆ ಸುದ್ದಿ ಕೇಳಿರಬೇಕಾದವರು ನಾನಲ್ಲ, ನೀವು. ಕೇಳಿದ ಕಿವಿ ನನ್ನಿಂದ ನಿಮಗೆ ವರ್ಗವಾಯಿತು.

ಹಾಗಾದರೆ ಅಂತೆ ಎಂದರೆ ಅನುಮಾನ ಎಂದು ಅನ್ನಿಸುವುದೇಕೆ?

ಕಂಡವನು ‘ಬಂತು’ ಎನ್ನುತ್ತಾನೆ. ಕಾಣದವನು ‘ಬಂತಂತೆ’ ಎನ್ನುತ್ತಾನೆ. ಕೇಳುವವನು ಒಂದು ಹೆಜ್ಜೆ ಮುಂದೆ ಹೋಗಿ, ಇವನು ನೇರವಾಗಿ ಹೇಳಬಹುದಿತ್ತು, ಹೇಳಲಿಲ್ಲ, ಏನೋ ಇದೆ ಎಂದು ಲೆಕ್ಕ ಹಾಕುತ್ತಾನೆ. ದನಿ ಎಳೆದರಂತೂ ಕೇಳುವುದೇ ಬೇಡ. ‘ಓದ್ತಾನಂತೇ...’ ಎಂಬುದರಲ್ಲಿ ಅಪನಂಬಿಕೆ ತುಂಬಿ ತುಳುಕುತ್ತದೆ. ಆದರೆ ಆ ಅನುಮಾನ ದನಿಯದು, ಸಂದರ್ಭದ್ದು. ‘ನಾಳೆ ನೀರು ಬರಲ್ಲವಂತೆ, ಡ್ರಮ್ ತುಂಬಿಸಿಡು’ ಎಂದು ಅಜ್ಜಿ ಹೇಳಿದಾಗ ಅನುಮಾನ ಎಲ್ಲಿದೆ? ನಂಬಿದ್ದಕ್ಕೇ ಡ್ರಮ್ಮು ತುಂಬಿಸಲು ಹೇಳಿದ್ದು. ಅರ್ಥದ ಭಾಗವಾಗಿದ್ದರೆ ಅನುಮಾನ ಹೀಗೆ ಸಂದರ್ಭ ನೋಡಿ ಜಾಗ ಖಾಲಿ ಮಾಡುತ್ತಿರಲಿಲ್ಲ.

ಹೆಜ್ಜೆ 5: ಗೆರೆ ಮಸುಕಾಗುವ ಕಡೆ

‘ಅವನು ಮನೆಯಲ್ಲೇ ಇರಬೇಕು, ಲೈಟ್ ಉರೀತಿದೆ.’ ಈ ‘ಬೇಕು’ ಯಾವ ಮನೆಯದು? ಕುರುಹು ನೋಡಿ ತೀರ್ಮಾನಕ್ಕೆ ಬಂದದ್ದರಿಂದ ಮೂಲಸೂಚಕದ ವಾಸನೆ ಇದೆ. ಎದುರಿಗೇ ಅವನು ಕೂತಿರುವುದನ್ನು ನೋಡುತ್ತಾ ‘ಮನೆಯಲ್ಲೇ ಇರಬೇಕು’ ಎನ್ನಲು ಬರುವುದಿಲ್ಲ ಎಂಬುದೂ ಅದನ್ನೇ ಹೇಳುತ್ತದೆ. ಆದರೆ ಹೆಜ್ಜೆ 2ಕ್ಕೆ ಹೋಗಿ: ‘ಮನೆಯಲ್ಲೇ ಇರಬೇಕು, ಆದರೆ ಇಲ್ಲ.’ ಊಹೆಯ ಅರ್ಥದಲ್ಲಿ ಇದು ನಿಲ್ಲುವುದಿಲ್ಲ. ಹಾಗಾಗಿ ಇದು ಖಚಿತಸೂಚಕವೇ, ಆದರೆ ಮೂಲದ ಸುಳಿವನ್ನೂ ಹೊತ್ತಿದೆ ಎಂಬುದು ನನ್ನ ಲೆಕ್ಕ. ಕೆಚುವಾದಲ್ಲಿಯೂ ಹೀಗೇ ‘ಚಾ’ ಎಂಬ ಊಹೆಯ ಪ್ರತ್ಯಯ ಎರಡೂ ಕಡೆ ಕಾಲಿಟ್ಟುಕೊಂಡಿದೆ ಎಂದು ಫಾಲರ್ ವಿವರಿಸುತ್ತಾರೆ.

ಕುರುಹು ನೋಡಿ ಹೇಳುವುದಕ್ಕೇ ಬೇರೆ ಪ್ರತ್ಯಯ ಇಟ್ಟುಕೊಂಡ ಭಾಷೆಗಳೂ ಇವೆ. ಕೊಲಂಬಿಯಾ ಮತ್ತು ಬ್ರೆಜಿಲ್ ಗಡಿಯ ತುಯುಕಾ ಭಾಷೆಯ ಬಗ್ಗೆ ಜಾನೆಟ್ ಬಾರ್ನ್ಸ್ 1984ರಲ್ಲಿ ಬರೆದ ಲೇಖನದ ಉದಾಹರಣೆ ಈ ವಿಷಯ ಓದುವವರಿಗೆಲ್ಲ ಬಾಯಿಪಾಠ. ‘ಅವನು ಫುಟ್‌ಬಾಲ್ ಆಡಿದ’ ಎನ್ನಲು ಅಲ್ಲಿ 5 ರೂಪ. ಆಡುವುದನ್ನು ಕಂಡಿದ್ದರೆ ‘ಅಪೆವಿ’. ಕಾಣದೆ ಆಟದ ಸದ್ದು ಮಾತ್ರ ಕೇಳಿದ್ದರೆ ‘ಅಪೆತಿ’. ಮೈದಾನದಲ್ಲಿ ಅವನ ಬೂಟಿನ ಗುರುತು ನೋಡಿದ್ದರೆ ‘ಅಪೆಯಿ’. ಯಾರೋ ಹೇಳಿದ್ದರೆ ‘ಅಪೆಯಿಗಿ’, ಅದು ನಮ್ಮ ‘ಆಡಿದನಂತೆ’. ಆಡಿರುತ್ತಾನೆ ಎಂದು ನಂಬಲು ಕಾರಣ ಇದ್ದರೆ ‘ಅಪೆಹೀಯಿ’. ನಮ್ಮಲ್ಲಿ ‘ಆಡಿದ’ ಎಂದು ಬರಿದೇ ಹೇಳಿ ಮುಗಿಸಬಹುದು. ಅಲ್ಲಿ ಆ ಸೌಲಭ್ಯ ಇಲ್ಲ. ಐದರಲ್ಲಿ ಒಂದನ್ನು ಆರಿಸದೆ ಕ್ರಿಯಾಪದ ಮುಗಿಯುವುದೇ ಇಲ್ಲ.