ಕ್ಯಾರೆಟ್ ಹಲ್ವಾ: ಮೊದಲು ಕ್ಯಾರೆಟ್ ಬೇಯಲಿ, ಆಮೇಲೆ ಹಾಲು ಬತ್ತಲಿ

ನಾಲ್ಕು ವರ್ಷದ ಹಿಂದೆ ನನ್ನ ನಾದಿನಿಯ ಸೀಮಂತಕ್ಕೆ ಎರಡು ಕೆಜಿ ಕ್ಯಾರೆಟ್ಟಿನ ಹಲ್ವಾ ಮಾಡಿದ್ದೆ. ದೊಡ್ಡ ಪಾತ್ರೆಗೆ ತುರಿ, ಹಾಲು, ಸಕ್ಕರೆ ಮೂರನ್ನೂ ಒಟ್ಟಿಗೆ ಸುರಿದು ಒಲೆ ಮೇಲಿಟ್ಟೆ. ನಿಧಾನಕ್ಕೆ ಬೆಂದರೆ ಚೆನ್ನಾಗಿರುತ್ತದೆ ಅಂತ ಮೊದಲಿಂದಲೇ ಸಣ್ಣ ಉರಿ. ಒಂದೂವರೆ ಗಂಟೆ ಆದರೂ ಹಾಲು ಬತ್ತಲಿಲ್ಲ. ಹೊತ್ತಾಯಿತು ಅಂತ ಉರಿ ಜಾಸ್ತಿ ಮಾಡಿ, ತಟ್ಟೆ ಜೋಡಿಸಲು ಆಚೆ ಹೋದೆ. ವಾಪಸ್ ಬರುವಷ್ಟರಲ್ಲಿ ತಳ ಹಿಡಿದಿತ್ತು. ಗಾಬರಿಯಲ್ಲಿ ಸೌಟು ಹಾಕಿ ತಳವನ್ನು ಚೆನ್ನಾಗಿ ಕೆರೆದುಬಿಟ್ಟೆ. ಕರಿ ಚಕ್ಕೆಗಳೆಲ್ಲ ಮೇಲೆ ಬಂದು, ಪಾತ್ರೆ ಪೂರ್ತಿ ಸೀದ ವಾಸನೆ ತುಂಬಿತು. ಅದಕ್ಕಿಂತ ಬೇಜಾರಾಗಿದ್ದು ಏನಂದರೆ, ಅಷ್ಟು ಹೊತ್ತು ಒಲೆ ಮೇಲಿದ್ದರೂ ತುರಿ ಹಲ್ಲಿಗೆ ನಾರು ನಾರಾಗಿ ಸಿಗುತ್ತಿತ್ತು.

ತಳ ಸೀದದ್ದು ಯಾಕೆ ಅಂತ ಗೊತ್ತಿತ್ತು. ಕ್ಯಾರೆಟ್ ಯಾಕೆ ಬೇಯಲಿಲ್ಲ ಅನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಆಮೇಲೆ ಅರ್ಧ ಅರ್ಧ ಕೆಜಿ ತಂದು ಬೇರೆ ಬೇರೆ ಥರ ಮಾಡಿ ನೋಡಿದೆ, ಓದಿಯೂ ತಿಳಿದುಕೊಂಡೆ. ನಾನು ಮಾಡಿದ ಮೂರು ಕೆಲಸಗಳೂ ಕ್ಯಾರೆಟ್ ಮೆತ್ತಗಾಗದ ಹಾಗೆ ತಡೆದಿದ್ದವು.

ಕ್ಯಾರೆಟ್ಟಿಗೆ ಬಿಗಿ ಕೊಡುವ ಪದಾರ್ಥಗಳಲ್ಲಿ ಪೆಕ್ಟಿನ್ ಒಂದು, ಅಂಟಿನ ಥರದ್ದು. ಅದು ಬಿಸಿಗೆ ಕರಗಿ ಸಡಿಲವಾದಾಗಲೇ ತರಕಾರಿ ಮೆತ್ತಗಾಗುವುದು. ಹಾಲಿನಲ್ಲಿರುವ ಕ್ಯಾಲ್ಸಿಯಂ ಈ ಅಂಟನ್ನು ಇನ್ನೂ ಬಿಗಿ ಮಾಡುತ್ತದೆ. ಸಕ್ಕರೆ ತುರಿಯೊಳಗಿನ ನೀರನ್ನು ಹೊರಗೆಳೆದು ಎಳೆಯನ್ನು ಸೆಟೆಸುತ್ತದೆ. ಮೂರನೆಯದು ನನಗೆ ಹೊಸ ವಿಷಯ. ಹಸಿ ಕ್ಯಾರೆಟ್ ಸುಮಾರು 60 ಡಿಗ್ರಿ ಬಿಸಿಯಲ್ಲಿ, ಅಂದರೆ ಕೈ ಸುಡುವಷ್ಟು ಬಿಸಿಯಿದ್ದು ಇನ್ನೂ ಕುದಿ ಬಾರದ ಹದದಲ್ಲಿ ತುಂಬಾ ಹೊತ್ತು ಇದ್ದರೆ ಗಟ್ಟಿಯಾಗಿಬಿಡುತ್ತದೆ. ಹಾಗೆ ಗಟ್ಟಿಯಾದದ್ದನ್ನು ಆಮೇಲೆ ಎಷ್ಟು ಕುದಿಸಿದರೂ ಬೇಗ ಬೇಯುವುದಿಲ್ಲ. ನಾನು ತಣ್ಣನೆ ಹಾಲಲ್ಲಿ ಎರಡು ಕೆಜಿ ತುರಿ ಹಾಕಿ ಸಣ್ಣ ಉರಿಯಲ್ಲಿಟ್ಟಾಗ ಆಗಿದ್ದು ಅದೇ. ಕುದಿ ಬರಲು ಮುಕ್ಕಾಲು ಗಂಟೆ ಹಿಡಿದಿತ್ತು.

ಹಾಗಾಗಿ ಈಗ ನಾನು ಕ್ಯಾರೆಟ್ ಬೇಯಿಸುವುದನ್ನೂ ಹಾಲು ಬತ್ತಿಸುವುದನ್ನೂ ಬೇರೆ ಬೇರೆ ಮಾಡುತ್ತೇನೆ. ಬೇಯಲು ನೀರು, ಹಬೆ, ಮುಚ್ಚಳ ಬೇಕು. ಬತ್ತಲು ಅಗಲ ಬಾಯಿ ಬೇಕು, ಕೈಯಾಡಿಸಬೇಕು. ಒಂದೇ ಪಾತ್ರೆಯಲ್ಲಿ ಒಂದೇ ಹೊತ್ತಿಗೆ ಎರಡೂ ಆಗುವುದು ಕಷ್ಟ.

ನನ್ನ ಅಳತೆ ಹೇಳುತ್ತೇನೆ. ಒಂದು ಕೆಜಿ ಕ್ಯಾರೆಟ್, ಒಂದು ಲೀಟರ್ ಗಟ್ಟಿ ಹಾಲು, 200 ಗ್ರಾಂ ಸಕ್ಕರೆ, ಆರು ಚಮಚ ತುಪ್ಪ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಮಾರ್ಕೆಟ್ಟಿನಲ್ಲಿ ಉದ್ದನೆಯ ಕೆಂಪು ದೆಹಲಿ ಕ್ಯಾರೆಟ್ ಸಿಗುತ್ತದೆ. ಅದರಲ್ಲಿ ರಸ ಜಾಸ್ತಿ, ಬೇಗ ಬೇಯುತ್ತದೆ, ಸಕ್ಕರೆ 150 ಗ್ರಾಂ ಸಾಕು. ಉಳಿದ ದಿನಗಳಲ್ಲಿ ಊಟಿ ಕ್ಯಾರೆಟ್ಟೇ ಗತಿ, ಅದರಲ್ಲೂ ಚೆನ್ನಾಗಿಯೇ ಆಗುತ್ತದೆ. ದಪ್ಪ ಕ್ಯಾರೆಟ್ ಆದರೆ ಉದ್ದಕ್ಕೆ ಸೀಳಿ ನೋಡಿ. ನಡುವಿನ ದಿಂಡು ಬಿಳಿಚಿಕೊಂಡು ಮರದ ಥರ ಇದ್ದರೆ ತೆಗೆದುಬಿಡಿ, ಅದು ಬೇಯುವುದೇ ಇಲ್ಲ. ತುರಿಯುವಾಗ ದೊಡ್ಡ ತೂತಿನ ಕಡೆ ತುರಿಯಿರಿ. ಮಿಕ್ಸಿಗೆ ಹಾಕಿದರೆ ಅರ್ಧ ಹಿಟ್ಟು, ಅರ್ಧ ತುಂಡು ಆಗುತ್ತದೆ. ಹಿಟ್ಟಿನಂಥದ್ದು ಹೋಗಿ ತಳಕ್ಕೆ ಅಂಟುತ್ತದೆ, ತುಂಡು ಹಸಿಯಾಗಿಯೇ ಉಳಿಯುತ್ತದೆ.

ದಪ್ಪ ತಳದ ಅಗಲ ಬಾಣಲೆಗೆ ಮೂರು ಚಮಚ ತುಪ್ಪ ಹಾಕಿ ಕಾಯಿಸುತ್ತೇನೆ. ತುಪ್ಪ ಕಾದ ಮೇಲೇ ತುರಿ ಹಾಕುವುದು. ಮಧ್ಯಮಕ್ಕಿಂತ ಸ್ವಲ್ಪ ದೊಡ್ಡ ಉರಿಯಲ್ಲಿ ಐದಾರು ನಿಮಿಷ ಮಗುಚುತ್ತೇನೆ. ಹೀಗೆ ಮಾಡಿದರೆ ತುರಿ ಆ ಕೆಟ್ಟ ಹದವನ್ನು ಬೇಗ ದಾಟಿಬಿಡುತ್ತದೆ. ಹಸಿ ವಾಸನೆ ಹೋಗಿ, ತುರಿ ಬಾಡಿ, ಹಬೆ ಏಳಲು ಶುರುವಾದಾಗ ಅರ್ಧ ಲೋಟ ಕುದಿಯುವ ನೀರು ಚಿಮುಕಿಸಿ, ಮುಚ್ಚಳ ಹಾಕಿ, ಆಗ ಉರಿ ಸಣ್ಣ ಮಾಡುತ್ತೇನೆ. ಹದಿನೈದು ನಿಮಿಷ ಬೇಕು, ಊಟಿ ಕ್ಯಾರೆಟ್ಟಿಗೆ ಇಪ್ಪತ್ತು. ನಡುವೆ ಎರಡು ಸಲ ಮುಚ್ಚಳ ತೆಗೆದು ಮಗುಚಬೇಕು. ತಳದಲ್ಲಿ ಚುರ್ ಅನ್ನುವ ಸದ್ದು ಬಂದರೆ ನೀರು ಮುಗಿದಿದೆ ಅಂತ ಅರ್ಥ, ಇನ್ನೊಂದೆರಡು ಚಮಚ ಹಾಕಿ.

ಬೆಂದಿದೆಯಾ ಅಂತ ನೋಡುವುದು ನಾಲಿಗೆಯಲ್ಲಲ್ಲ, ಬೆರಳಲ್ಲಿ. ಒಂದು ಎಳೆಯನ್ನು ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿ ಜಾರಿಸಿ. ಪೂರ್ತಿ ಬೆಂದಿದ್ದರೆ ಬೆಣ್ಣೆ ಸವರಿದ ಹಾಗೆ ಬೆರಳಿಗೆ ಹರಡಿಕೊಳ್ಳುತ್ತದೆ. ಎಳೆ ಚಪ್ಪಟೆಯಾಗಿಯೂ ಹರಿಯದೆ ಉಳಿದರೆ, ಅಥವಾ ನಡುವೆ ಸಣ್ಣ ದಾರದಂಥದ್ದು ಕೈಗೆ ತಾಗಿದರೆ, ಇನ್ನೂ ಐದು ನಿಮಿಷ ಮುಚ್ಚಿಡಿ. ಈ ಹಂತ ದಾಟಿ ಹಾಲು ಸಕ್ಕರೆ ಬಿದ್ದ ಮೇಲೆ ತುರಿ ಇನ್ನೇನೂ ಹೆಚ್ಚು ಬೇಯುವುದಿಲ್ಲ. ಅದಕ್ಕೇ ಇಲ್ಲಿ ನಾನು ಒಂದು ಎಳೆಯಲ್ಲ, ಬೇರೆ ಬೇರೆ ಕಡೆಯಿಂದ ಮೂರು ಎಳೆ ತೆಗೆದು ನೋಡುತ್ತೇನೆ.

ಪಕ್ಕದ ಒಲೆಯಲ್ಲಿ ಅಷ್ಟು ಹೊತ್ತಿಗೆ ಹಾಲು ಬತ್ತುತ್ತಿರುತ್ತದೆ. ತುರಿ ಇಲ್ಲದ ಬರೀ ಹಾಲು ಯಾಕೆ ಅಂದರೆ, ಆಗ ತಳ ಕಾಣುತ್ತದೆ, ಸೌಟು ತಳದ ಮೂಲೆ ಮೂಲೆಗೂ ಹೋಗುತ್ತದೆ. ತುರಿ ಇದ್ದರೆ ಅದು ಹಾಸಿಗೆಯ ಥರ ಕೂತುಕೊಂಡು, ಅದರ ಅಡಿಯಲ್ಲಿ ಹಾಲಿನ ಗಟ್ಟಿ ಅಂಶ ಇಳಿದು ಅಂಟುವುದು ಗೊತ್ತೇ ಆಗುವುದಿಲ್ಲ. ಹಾಲು ತಳ ಹಿಡಿಯುವುದು ಹಾಗೆಯೇ. ಕಾಯುವಾಗ ಅದರ ಪ್ರೋಟೀನ್ ತಳಕ್ಕೆ ತೆಳು ಪದರವಾಗಿ ಅಂಟುತ್ತದೆ, ಮೇಲಿಂದ ಮೇಲೆ ಪದರ ದಪ್ಪವಾಗುತ್ತದೆ, ಕೊನೆಗೆ ಸೀಯುತ್ತದೆ. ಪದರ ತೆಳುವಾಗಿದ್ದಾಗಲೇ ಸೌಟಿನಿಂದ ಬಿಡಿಸುತ್ತಾ ಇದ್ದರೆ ತೊಂದರೆ ಇಲ್ಲ. ಪಾತ್ರೆಗೆ ಮೊದಲು ಎರಡು ಚಮಚ ನೀರು ಹಾಕಿ ತಳ ನೆನೆಸಿ, ಆಮೇಲೆ ಹಾಲು ಹಾಕುವುದು ಅಮ್ಮನಿಂದ ಬಂದ ಅಭ್ಯಾಸ. ಶುರುವಿನಲ್ಲಿ ಅಂಟುವುದು ಅದರಿಂದ ಕಡಿಮೆಯಾಗುತ್ತದೆ, ಆದರೆ ಅದನ್ನೇ ನಂಬಿ ಕೈ ಬಿಡಬಾರದು.

ಸೌಟು ದುಂಡಗಿನದು ಬೇಡ. ಅದು ತಳಕ್ಕೆ ಒಂದೇ ಕಡೆ ತಾಗುತ್ತದೆ. ನನ್ನ ಹತ್ತಿರ ಚಪ್ಪಟೆ ಬಾಯಿಯ ಮರದ್ದೊಂದಿದೆ. ಹಾಲು ಹಾಕಿದ ಕೂಡಲೇ ಅದನ್ನು ಪಾತ್ರೆಯಲ್ಲಿ ನೇರ ನಿಲ್ಲಿಸಿ, ಹಾಲು ಎಲ್ಲಿಯವರೆಗೆ ಬಂತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ, ಅದರ ಅರ್ಧಕ್ಕೆ ಇನ್ನೊಂದು ಗೆರೆ. ಹಾಲು ಎರಡನೇ ಗೆರೆಗೆ ಇಳಿದರೆ ಅರ್ಧ ಬತ್ತಿದೆ. ಇದು ನೇರ ಗೋಡೆಯ ಪಾತ್ರೆಯಲ್ಲಿ ಮಾತ್ರ ಸರಿಯಾಗುತ್ತದೆ. ಬಾಣಲೆ ಕೆಳಗೆ ಕಿರಿದು, ಹಾಗಾಗಿ ಅಲ್ಲಿ ಎತ್ತರ ಅರ್ಧ ಇಳಿಯುವಷ್ಟರಲ್ಲಿ ಹಾಲು ಅರ್ಧಕ್ಕಿಂತ ಜಾಸ್ತಿ ಬತ್ತಿರುತ್ತದೆ. ಅಗಲ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ ಇದಕ್ಕೆ ಸುಮಾರು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಬದಿಗೆ ಕಟ್ಟಿದ ಕೆನೆಯನ್ನು ಕೆರೆದು ಒಳಗೇ ಹಾಕಬೇಕು, ಹಲ್ವಾಗೆ ಅದೇ ರುಚಿ.

ಬೆಂದ ತುರಿಗೆ ಈ ಬಿಸಿ ಹಾಲನ್ನು ಸುರಿದು, ಮುಚ್ಚಳ ಇಲ್ಲದೆ ಮಧ್ಯಮ ಉರಿ. ಮೊದಲ ಏಳೆಂಟು ನಿಮಿಷ ಭಯ ಇಲ್ಲ, ಗುಳ್ಳೆಗಳು ಒಂದೇ ಸಮನೆ ಕೊತಕೊತ ಅನ್ನುತ್ತಿರುತ್ತವೆ. ನೀರಿನಂಶ ಇರುವ ತನಕ ತಳದ ಬಿಸಿ ಅಷ್ಟಾಗಿ ಏರುವುದಿಲ್ಲ. ಸದ್ದು ಬದಲಾಗಿ, ಗುಳ್ಳೆ ಒಂದೊಂದಾಗಿ ಪುಸ್ ಪುಸ್ ಅಂತ ಒಡೆದು, ಹಲ್ವಾ ಕೈಗೆ ಸಿಡಿಯಲು ಶುರುವಾದರೆ ಆ ಕ್ಷಣವೇ ಉರಿ ಸಣ್ಣ ಮಾಡಬೇಕು. ಸೀಮಂತದ ದಿನ ನಾನು ಎದ್ದು ಹೋಗಿದ್ದು ಸರಿಯಾಗಿ ಇದೇ ಹೊತ್ತಿಗೆ. ಈಗ ಫೋನ್ ಬಂದರೂ ಎತ್ತುವುದಿಲ್ಲ. ತೀರಾ ಹೋಗಲೇಬೇಕಾದರೆ ಒಲೆ ಆರಿಸಿ ಹೋಗುತ್ತೇನೆ, ಬಂದು ಮತ್ತೆ ಹಚ್ಚಿದರೆ ಹಲ್ವಾಗೆ ಏನೂ ಆಗುವುದಿಲ್ಲ.

ಸೌಟಿನಿಂದ ಬಾಣಲೆಯ ನಡುವೆ ಒಂದು ದಾರಿ ಎಳೆಯಿರಿ. ಹಾಲು ತಕ್ಷಣ ನುಗ್ಗಿ ಮುಚ್ಚಿಕೊಂಡರೆ ಇನ್ನೂ ಬತ್ತಬೇಕು. ಮೂರು ಎಣಿಸುವ ತನಕ ತಳ ಕಾಣುತ್ತಿದ್ದರೆ ಸಕ್ಕರೆಗೆ ಸಮಯ ಬಂತು. ಸಕ್ಕರೆ ಹಾಕಿದ ಕೂಡಲೇ ಹಲ್ವಾ ಮತ್ತೆ ನೀರಾಗುತ್ತದೆ, ಮೊದಲ ಸಲ ನೋಡಿದವರು ಅಳತೆ ತಪ್ಪಿತೇನೋ ಅಂದುಕೊಳ್ಳುತ್ತಾರೆ. ತಪ್ಪಿಲ್ಲ, ಸಕ್ಕರೆ ಕರಗಿ ತುರಿಯಿಂದಲೂ ನೀರು ಬಿಡಿಸುತ್ತದೆ ಅಷ್ಟೇ. ಇನ್ನು ಎಂಟು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಬೇಕು. ಸಕ್ಕರೆಯೂ ಸೇರಿರುವುದರಿಂದ ಈಗ ತಳ ಹಿಡಿಯುವುದು ಇನ್ನೂ ಬೇಗ. ಉಳಿದ ತುಪ್ಪವನ್ನು ಈ ಹೊತ್ತಿನಲ್ಲಿ ಬದಿಯಿಂದ ಒಂದೊಂದೇ ಚಮಚ ಬಿಡುತ್ತೇನೆ. ಹಲ್ವಾ ಬಾಣಲೆ ಬಿಟ್ಟು ಒಟ್ಟಿಗೆ ಮುದ್ದೆಯಾಗಿ ತಿರುಗಿ, ಅಂಚಿನಲ್ಲಿ ತುಪ್ಪ ಮಿನುಗಿದರೆ ಆಯಿತು. ಏಲಕ್ಕಿ ಪುಡಿ, ಹುರಿದ ಗೋಡಂಬಿ ದ್ರಾಕ್ಷಿ ಹಾಕಿ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೆ ಒಂದು ಕೂದಲಷ್ಟು ಸಡಿಲ ಇರುವಾಗಲೇ ಇಳಿಸಬೇಕು.

ಇಷ್ಟೆಲ್ಲ ಆಗಿಯೂ ತಳ ಹಿಡಿದ ವಾಸನೆ ಬಂದರೆ ಕೆರೆಯಲು ಹೋಗಬೇಡಿ. ಒಲೆ ಆರಿಸಿ, ಮೇಲಿನದ್ದನ್ನು ಮಾತ್ರ ಸೌಟಿನಿಂದ ಎತ್ತಿ ಬೇರೆ ಬಾಣಲೆಗೆ ಹಾಕಿ. ತಳದ ಒಂದು ಬೆರಳಷ್ಟು ಹೋದರೆ ಹೋಗಲಿ. ಎತ್ತಿದ್ದನ್ನು ಸ್ವಲ್ಪ ಬಾಯಿಗೆ ಹಾಕಿ ನೋಡಿ. ಕಹಿ ಇಲ್ಲದಿದ್ದರೆ ಅದು ಉಳಿಯಿತು, ಇನ್ನರ್ಧ ಲೋಟ ಬಿಸಿ ಹಾಲು ಹಾಕಿ ಮುಂದುವರಿಸಬಹುದು. ಕಹಿ ಬಂದಿದ್ದರೆ ಏಲಕ್ಕಿ, ತುಪ್ಪ ಎಷ್ಟು ಸುರಿದರೂ ಮುಚ್ಚುವುದಿಲ್ಲ, ನಾನು ಆ ದಿನ ಎರಡನ್ನೂ ಸುರಿದು ನೋಡಿದ್ದೇನೆ.

ಇನ್ನೊಂದು ಮಾತು, ಎರಡು ಕೆಜಿ ಮಾಡುವುದಾದರೆ ಒಂದೇ ಬಾಣಲೆಯಲ್ಲಿ ಬೇಡ. ಪದಾರ್ಥ ಎರಡು ಪಟ್ಟಾದರೂ ಬಾಣಲೆಯ ಬಾಯಿ ಅಷ್ಟೇ ಇರುತ್ತದೆ, ಹಬೆ ಹೋಗುವುದು ಆ ಬಾಯಿಯಿಂದ ತಾನೇ? ಎರಡು ಸಲ ಮಾಡಿದರೆ ಬೇಗ ಮುಗಿಯುತ್ತದೆ, ತೋಳೂ ನೋಯುವುದಿಲ್ಲ.

ಹೋದ ಸಂಕ್ರಾಂತಿಗೆ ದೆಹಲಿ ಕ್ಯಾರೆಟ್ ಒಂದೊಂದು ಕೆಜಿಯಂತೆ ಎರಡು ಸಲ ಮಾಡಿದೆ. ಅತ್ತೆ ಅಡುಗೆಮನೆಗೆ ಬಂದವರು ತಟ್ಟೆ ಕೇಳಲಿಲ್ಲ. ನನ್ನ ಥರವೇ ಬಾಣಲೆಯಿಂದ ಒಂದು ಎಳೆ ತೆಗೆದು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಬಾಣಲೆಯನ್ನು ಓರೆ ಮಾಡಿ ತಳ ನೋಡಿದರು. "ಸರಿ ಹೋಗಿದೆ ಕಣಮ್ಮ, ನಾದಿನಿಗೂ ಒಂದು ಡಬ್ಬಿ ಕಟ್ಟು" ಅಂದರು.